ಲೈ ಎಲ್ಲಿ, ಲೇ ಎಲ್ಲಿ? ರೈಸ್ ಎಲ್ಲಿ, ರೇಜ್ ಎಲ್ಲಿ?

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕಡೆಯಿಂದ ಬ್ರಿಟನ್ನಿಗೆ ಹೊಸದಾಗಿ ಬಂದವರು ಕಚೇರಿಗೋ ಮನೆಮಾಲೀಕರಿಗೋ ಬರೆದ ಪತ್ರವನ್ನು ಕಳಿಸುವ ಮೊದಲು ನನಗೊಮ್ಮೆ ತೋರಿಸುವುದುಂಟು. ಅವುಗಳಲ್ಲಿ ನಾನು ಮತ್ತೆ ಮತ್ತೆ ತಿದ್ದುವುದು ಇಂಗ್ಲಿಷಿನ ಲೈ ಮತ್ತು ಲೇ, ರೈಸ್ ಮತ್ತು ರೇಜ್ ಎಂಬ ಎರಡು ಜೋಡಿ ಕ್ರಿಯಾಪದಗಳನ್ನು. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು ಅಥವಾ ಇಡು; ರೈಸ್ ಎಂದರೆ ಏರು, ರೇಜ್ ಎಂದರೆ ಏರಿಸು.

ಈ ಜೋಡಿಗಳ ಮೂಲ ವ್ಯವಸ್ಥೆ ನಮಗೆ ಹೊಸದಲ್ಲ. ಮಲಗು ಎಂಬುದು ಅಕರ್ಮಕ, ಮಲಗಿಸು ಎಂಬುದು ಸಕರ್ಮಕ. ಏರು, ಏರಿಸು ಎಂಬವೂ ಹಾಗೆಯೇ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿಯೂ ನಮ್ಮ ‘ಇಸು’ವಿನಂಥ ಒಂದು ಪ್ರತ್ಯಯವಿತ್ತು. ಅದು ಕಾಲಕ್ರಮದಲ್ಲಿ ಸವೆದುಹೋಗಿ ಸ್ವರದ ವ್ಯತ್ಯಾಸ ಮಾತ್ರ ಉಳಿದುಕೊಂಡಿತು. ಪ್ರತ್ಯಯ ಕಣ್ಣಿಗೆ ಕಾಣದಿರುವುದರಿಂದಲೇ ಇವು ಒಂದೇ ಪದದ ಎರಡು ಉಚ್ಚಾರಗಳಂತೆ ತೋರುತ್ತವೆ.

ಆದ್ದರಿಂದ ವಾಕ್ಯವನ್ನು ‘ಏನನ್ನು?’ ಅಥವಾ ‘ಯಾರನ್ನು?’ ಎಂದು ಕೇಳಿ ನೋಡಬೇಕು. ನವಲಗುಂದದ ಜಮಖಾನೆಯನ್ನು ನೀವು ನೆಲದ ಮೇಲೆ ಹಾಸುತ್ತಿದ್ದರೆ ಏನನ್ನು ಎಂಬುದಕ್ಕೆ ಉತ್ತರವಿದೆ, ಹಾಗಾಗಿ ಅದು ಲೇ. ಹಾಸಿದ ಜಮಖಾನೆ ತನ್ನಷ್ಟಕ್ಕೆ ನೆಲದ ಮೇಲಿದ್ದರೆ, ಅಥವಾ ನೀವೇ ಅದರ ಮೇಲೆ ಮಲಗಿದರೆ, ಉತ್ತರವಿಲ್ಲ, ಅದು ಲೈ.

ಇಷ್ಟು ತಿಳಿದವರೂ ಭೂತಕಾಲಕ್ಕೆ ಬಂದಾಗ ಎಡವುತ್ತಾರೆ, ಏಕೆಂದರೆ ಲೈ ಎಂಬುದರ ಭೂತಕಾಲದ ರೂಪವೇ ಲೇ. ಲೈ, ಲೇ, ಲೇನ್ ಎಂಬುದು ಮಲಗುವ ಕ್ರಿಯೆಯ ಮೂರು ರೂಪಗಳಾದರೆ, ಲೇ, ಲೇಡ್, ಲೇಡ್ ಎಂಬುದು ಇಡುವ ಅಥವಾ ಹಾಸುವ ಕ್ರಿಯೆಯ ಮೂರು ರೂಪಗಳು. ಒಂದೇ ಲೇ ಎರಡೂ ಸಾಲುಗಳಲ್ಲಿ ಕುಳಿತಿದೆ. ಇದರ ಮೇಲೆ, ಇಲ್ಲಿಯವರು ವೇಗವಾಗಿ ಮಾತನಾಡುವಾಗ ‘ಲೇ ಡೌನ್’ ಮತ್ತು ‘ಲೇಡ್ ಡೌನ್’ ಎಂಬವು ಕಿವಿಗೆ ಒಂದೇ ಆಗಿ ಕೇಳುತ್ತವೆ, ಮೊದಲ ಪದದ ಕೊನೆಯ ಡಕಾರ ಮುಂದಿನ ಡಕಾರದಲ್ಲಿ ಕರಗಿಬಿಡುತ್ತದೆ. ಸುಳ್ಳು ಹೇಳು ಎಂಬ ಅರ್ಥದ ಇನ್ನೊಂದು ಲೈ ಕೂಡ ಇದೆ; ಅದರ ಭೂತಕಾಲ ಲೈಡ್.

‘ನಿನ್ನೆ ಜ್ವರ ಬಂದು ದಿನವೆಲ್ಲ ಮಕ್ಕೊಂಡಿದ್ದೆ’ ಎಂಬುದನ್ನು ರಜೆಯ ಪತ್ರದಲ್ಲಿ ಬರೆಯಬೇಕಾಗಿದೆ ಎಂದುಕೊಳ್ಳಿ. ‘ಐ ಲೇಡ್ ಇನ್ ಬೆಡ್ ಆಲ್ ಡೇ’ ಎಂದರೆ ಏನನ್ನು ಇಟ್ಟಿರಿ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಲೈಡ್ ಎಂದು ಬರೆದರಂತೂ ಹಾಸಿಗೆಯಲ್ಲಿ ಸುಳ್ಳು ಹೇಳಿದಂತಾಗುತ್ತದೆ. ಸರಿಯಾದ ವಾಕ್ಯ ‘ಐ ಲೇ ಇನ್ ಬೆಡ್ ಆಲ್ ಡೇ’. ಓದುವಾಗ ಇದೇ ತಪ್ಪೆನಿಸುತ್ತದೆ, ಆದರೂ ಬದಲಿಸಬೇಡಿ. ತೀರಾ ಅನುಮಾನವಾದರೆ ‘ಐ ವಾಸ್ ಲೈಯಿಂಗ್ ಇನ್ ಬೆಡ್’ ಎಂದು ಬರೆದರೂ ನಡೆಯುತ್ತದೆ. ಅದೇ ಪತ್ರದಲ್ಲಿ ‘ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದೆ’ ಎಂಬ ಮಾತು ಬಂದರೆ ಅಲ್ಲಿ ಮಗುವೇ ಕರ್ಮಪದ, ಆದ್ದರಿಂದ ಲೇಡ್ ಸಲ್ಲುತ್ತದೆ.

ರೈಸ್ ಮತ್ತು ರೇಜ್ ಇಷ್ಟು ಕಾಡುವುದಿಲ್ಲ. ರೈಸ್, ರೋಜ್, ರಿಸನ್ ಎಂಬುದು ತಾನಾಗಿ ಏರುವುದಕ್ಕೆ, ರೇಜ್, ರೇಜ್ಡ್, ರೇಜ್ಡ್ ಎಂಬುದು ಏರಿಸುವುದಕ್ಕೆ. ಎರಡು ಸಾಲುಗಳಿಗೂ ಸಾಮಾನ್ಯವಾದ ರೂಪ ಒಂದೂ ಇಲ್ಲ. ಬಾಡಿಗೆ ಹೆಚ್ಚಾಗಿದೆ ಎಂದು ದೂರುವಾಗ ‘ದಿ ರೆಂಟ್ ಹ್ಯಾಸ್ ರಿಸನ್’, ಮಾಲೀಕರು ಹೆಚ್ಚಿಸಿದ್ದಾರೆ ಎನ್ನುವಾಗ ‘ದಿ ಲ್ಯಾಂಡ್‌ಲಾರ್ಡ್ ಹ್ಯಾಸ್ ರೇಜ್ಡ್ ದಿ ರೆಂಟ್’. ಮನವಿಪತ್ರದಲ್ಲಿ ಎರಡನೆಯದು ಲೇಸು, ಏಕೆಂದರೆ ಹೆಚ್ಚಿಸಿದವರು ಯಾರೆಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ. ಸಂಬಳದ ಹೆಚ್ಚಳವನ್ನು ನಾಮಪದವಾಗಿ ಹೇಳುವಾಗ ಮಾತ್ರ ಇಲ್ಲಿ ‘ಪೇ ರೈಸ್’ ಎನ್ನುತ್ತಾರೆ, ಅಮೆರಿಕದಲ್ಲಿ ‘ರೇಜ್’ ಎನ್ನುತ್ತಾರೆ. ಎರಡೂ ಆಯಾ ದೇಶಕ್ಕೆ ಸರಿಯೇ.

ಕನ್ನಡದ ಜೋಡಿಯನ್ನು ಕಣ್ಣುಮುಚ್ಚಿ ನಂಬಬಾರದ ಒಂದು ಜಾಗವಿದೆ. ಏಳು ಎಂಬುದಕ್ಕೆ ರೈಸ್ ಎಂದಿರುವುದರಿಂದ ಎಬ್ಬಿಸು ಎಂಬುದಕ್ಕೆ ರೇಜ್ ಎಂದು ಎಣಿಸಿ, ‘ಬೆಳಿಗ್ಗೆ 6ಕ್ಕೆ ಮಗನನ್ನು ಎಬ್ಬಿಸಿದೆ’ ಎನ್ನಲು ‘ಐ ರೇಜ್ಡ್ ಮೈ ಸನ್’ ಎಂದು ಬರೆಯುವವರಿದ್ದಾರೆ. ಅದನ್ನು ಓದಿದವರಿಗೆ ಮಗನನ್ನು ಸಾಕಿ ಬೆಳೆಸಿದೆ ಎಂಬ ಅರ್ಥ ಹೊಳೆಯುತ್ತದೆ. ನಿದ್ದೆಯಿಂದ ಎಬ್ಬಿಸುವುದಕ್ಕೆ ‘ವೋಕ್’ ಎಂಬ ಬೇರೆ ಪದವೇ ಬೇಕು.

ಇಂಗ್ಲಿಷ್ ಮನೆಮಾತಾಗಿರುವ ಎಷ್ಟೋ ಜನರು ಮಾತಿನಲ್ಲಿ ‘ಐಯಾಮ್ ಗೋಯಿಂಗ್ ಟು ಲೇ ಡೌನ್’ ಎಂದೇ ಹೇಳುತ್ತಾರೆ. ದವಾಖಾನೆಯಲ್ಲಿ ನರ್ಸ್ ‘ಲೇ ಡೌನ್’ ಎಂದರೆ ಸುಮ್ಮನೆ ಮಲಗಿ. ಅವರನ್ನು ತಿದ್ದುವುದು ಬೇಡ. ನೀವು ಅರ್ಜಿಯನ್ನೋ ವರದಿಯನ್ನೋ ಬರೆಯುವಾಗ ಮಾತ್ರ ಅಲ್ಲಿ ಲೈ ಎಂದೇ ಬರೆಯಿರಿ, ಏಕೆಂದರೆ ಬರಹದಲ್ಲಿ ಆ ರೂಢಿಯನ್ನು ಅನೇಕರು ಇನ್ನೂ ತಪ್ಪೆಂದೇ ಎಣಿಸುತ್ತಾರೆ.