ವಿಮಾನದ ಸೀಟಿನ ಪ್ಲಗ್ ಪದೇಪದೇ ಆಫ್ ಆಗುತ್ತಿದ್ದುದು ಯಾಕೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದೆ. ಸಾಕೆಟ್ ಮೇಲಿನ ಹಸಿರು ದೀಪ ಹತ್ತಿತು, ಅರ್ಧ ನಿಮಿಷಕ್ಕೆ ಆರಿತು. ಪ್ಲಗ್ ಕಿತ್ತು ಮತ್ತೆ ಹಾಕಿದರೂ ಅದೇ ಕಥೆ. ಸಾಕೆಟ್ಟೇ ಕೆಟ್ಟಿದೆ ಅಂದುಕೊಂಡೆ. ಆದರೆ ಪಕ್ಕದವರ ಫೋನ್ ಚಾರ್ಜರ್ ಅದರಲ್ಲೇ ಆರಾಮಾಗಿ ಓಡಿತು!

ನನ್ನ ಅಡಾಪ್ಟರ್ ತಿರುಗಿಸಿ ನೋಡಿದೆ: 130 ವ್ಯಾಟ್. ಸೀಟಿನ ಸಾಕೆಟ್‌ಗಳು ಸಾಮಾನ್ಯವಾಗಿ 75 ವ್ಯಾಟ್ ಆಸುಪಾಸು ಮಾತ್ರ ಕೊಡುತ್ತವೆ. ಅದಕ್ಕಿಂತ ಜಾಸ್ತಿ ಎಳೆದರೆ ತಾನೇ ಆಫ್ ಆಗುತ್ತದೆ. ಬ್ಯಾಟರಿ ಖಾಲಿಯಿದ್ದು, ಮೇಲೆ ಕೆಲಸವೂ ನಡೆಯುತ್ತಿದ್ದರೆ ಲ್ಯಾಪ್‌ಟಾಪ್ ಅತಿ ಹೆಚ್ಚು ಎಳೆಯುತ್ತದೆ. ನನ್ನದು ಆಗ 12% ಇತ್ತು.

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಹಾಕಿದೆ. ಈ ಸಲ ದೀಪ ಆರಲಿಲ್ಲ. 60% ದಾಟಿದ ಮೇಲೆ ಆನ್ ಮಾಡಿ, ಬೆಳಕು ತಗ್ಗಿಸಿ ಬರೆಯುತ್ತಾ ಕೂತೆ.

ವಾಪಸ್ ಬರುವಾಗ 65 ವ್ಯಾಟ್‌ನ ಪುಟ್ಟ ಟೈಪ್-ಸಿ ಚಾರ್ಜರ್ ಒಯ್ದೆ, ತೊಂದರೆಯೇ ಆಗಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿ ಚಾರ್ಜಿಂಗ್ ಒಪ್ಪುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಸರಿಯಾಗಿ ಕೂರದಿರಬಹುದು, ಎರಡು ಪಿನ್ನಿನದೇ ವಾಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಲಿ. 20,000 ಎಂಎಎಚ್‌ನದು ಸುಮಾರು 74 ಬರುತ್ತದೆ. ಒಯ್ಯಲು ಬಿಟ್ಟರೂ ಹಾರಾಟದಲ್ಲಿ ಬಳಸಲು ಕೆಲವು ವಿಮಾನ ಸಂಸ್ಥೆಗಳು ಬಿಡುವುದಿಲ್ಲ, ನೀವು ಹೋಗುವ ಸಂಸ್ಥೆಯ ನಿಯಮ ಓದಿಕೊಳ್ಳಿ.