ಫೋಟೋದಲ್ಲಿ ಬಲೆ ಕಂಡರೆ ಮೊದಲು ಬೆಂಡು ಹುಡುಕಿ

ಗೊರೂರು ಹಿನ್ನೀರಿನ ದಡದಲ್ಲಿ ತೆಗೆದ ಮೀನುಗಾರರ ಸಾಮಾನಿನ ಫೋಟೋಗಳಿಗೆ ಹೆಸರು ಬರೆಯುವಾಗ ನಾನೇ ಮಾಡಿದ ತಪ್ಪು ಇದು. ತೆಪ್ಪದಲ್ಲಿ ಗುಡ್ಡೆ ಹಾಕಿದ್ದ ಬಲೆಗೆ ಸುಮ್ನೆ ‘ಬೀಸುಬಲೆ’ ಅಂತ ಬರೆದುಬಿಟ್ಟಿದ್ದೆ.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಗುಡ್ಡೆಯ ಅಂಚಿನ ಹಗ್ಗದಲ್ಲಿ ಹಳೆ ಚಪ್ಪಲಿಯಿಂದ ಕತ್ತರಿಸಿದ ನೀಲಿ ತುಂಡುಗಳು ಸಾಲಾಗಿದ್ದವು. ಬಲೆಯನ್ನು ತೇಲಿಸುವ ಬೆಂಡು ಅವೇ. ಬೀಸುಬಲೆಗೆ ಬೆಂಡು ಇರುವುದಿಲ್ಲ. ಅದು ಕೊಡೆಯಂತೆ ಬಿಚ್ಚಿಕೊಂಡು ಬಿದ್ದು ಬೇಗ ಮುಳುಗಬೇಕು, ಇಲ್ಲದಿದ್ದರೆ ಮೀನು ಅಡಿಯಿಂದ ಜಾರಿಕೊಳ್ಳುತ್ತದೆ. ಅದಕ್ಕೇ ಸುತ್ತಂಚಿಗೆಲ್ಲ ಸೀಸದ ಮಣಿ ಅಥವಾ ಸರಪಳಿ. ನಡುವಿನ ತುದಿಯಿಂದ ಒಂದೇ ಹಗ್ಗ, ಅದರ ಕೊನೆಯಲ್ಲಿ ಕೈಗೆ ಹಾಕಿಕೊಳ್ಳುವ ಕುಣಿಕೆ. ಮೇಲೆ ಬೆಂಡು, ಕೆಳಗೆ ಭಾರ ಇದ್ದರೆ ಅದು ನೀರಲ್ಲಿ ಗೋಡೆಯಂತೆ ನಿಲ್ಲುವ ಬಲೆ. ಮೀನು ಬಲೆಯ ಕಣ್ಣಿಗೆ ಕಿವಿರು ಸಿಕ್ಕಿ ನಿಲ್ಲುತ್ತದೆ.

ಬೆಂಡು ಕಾಣಲಿಲ್ಲ ಅಂದಮಾತ್ರಕ್ಕೆ ಬೀಸುಬಲೆ ಅನ್ನಬೇಡಿ. ಗುಡ್ಡೆಯ ಒಳಗೆ ಸೇರಿಕೊಂಡಿರಬಹುದು ಅಲ್ವಾ? ಮಣಿಸಾಲು ಅಥವಾ ಸರಪಳಿ, ಜೊತೆಗೆ ಕುಣಿಕೆಯೂ ಕಂಡರೆ ಮಾತ್ರ ಹಾಗೆ ಬರೆಯಿರಿ. ಕಾಣದಿದ್ದರೆ ಬರೀ ‘ಬಲೆ’ ಸಾಕು.

ಗಾಳದ ದಾರ ಸುತ್ತುವ ರೀಲಿನದ್ದೂ ಇದೇ ಕಥೆ. ಕೋಲಿಗೋ ಬಾಟಲಿಗೋ ಸುತ್ತಿದ ನೈಲಾನ್ ದಾರ ರೀಲಲ್ಲ, ಕೈದಾರ. ರೀಲು ಅಂದರೆ ತಿರುಗಿಸುವ ಹಿಡಿ ಇರಬೇಕು, ಕೋಲಿಗೆ ಕೂರುವ ಪಾದ ಇರಬೇಕು. ಗಾಳ ಸಣ್ಣದು. ಫೋಟೋ ತೆಗೆಯುವಾಗಲೇ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಅಳತೆ ತಿಳಿಯುತ್ತದೆ.