ಘಟಪ್ರಭೆಯ ತಿರುವಿನಲ್ಲಿ ಎರಡು ಸಲ ಕಟ್ಟಿದ ದಡ

2019ರ ಆಗಸ್ಟ್ ಪ್ರವಾಹ ಇಳಿದ ಮೇಲೆ ಮುಧೋಳ ಕಡೆ ಘಟಪ್ರಭೆಯ ಒಂದು ತಿರುವಿನಲ್ಲಿ 180 ಮೀಟರ್ ದಡ ಕಾಪಾಡುವ ಕೆಲಸ ನನ್ನ ಪಾಲಿಗೆ ಬಂತು. ಆರು ಮೀಟರ್ ಎತ್ತರದ ಎರೆಮಣ್ಣಿನ ದಡ, ಮೇಲೆ ಕಬ್ಬಿನ ಗದ್ದೆ. ಒಂದಕ್ಕೆ ಎರಡರ ಇಳಿಜಾರಿಗೆ ಕೆತ್ತಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ 45 ಸೆಂ.ಮೀ. ದಪ್ಪ ಕಲ್ಲಿನ ಪಿಚ್ಚಿಂಗ್ ಮಾಡಿದೆವು. ಬುಡಕ್ಕೆ ಮಾತ್ರ ಒಂದು ಮೀಟರ್ ಆಳ ಅಗೆದು ಕಲ್ಲು ತುಂಬಿ ಕೈತೊಳೆದುಕೊಂಡೆವು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು.

2021ರ ಜುಲೈ ನೀರು ಇಳಿದಾಗ ನೋಡಿದರೆ, ದಡದ ನೆತ್ತಿಯಲ್ಲಿ ನದಿಗೆ ಸಮಾನಾಂತರವಾಗಿ ಉದ್ದಕ್ಕೆ ಬಿರುಕು. ಕೆಳಗೆ ಸುಮಾರು 30 ಮೀಟರ್ ಕಲ್ಲು ಜಾರಿಹೋಗಿ, ಬಟ್ಟೆ ಬರಿಮೈಯಾಗಿ ಜೋತಾಡುತ್ತಿತ್ತು. ಪಕ್ಕದ ಹೊಲದ ಅಜ್ಜ ಬಂದು ನಿಂತು, “ಸಾಹೇಬ್ರ, ಹೊಳಿ ಮ್ಯಾಲ ಹೊಡಿಯೂದಿಲ್ರಿ, ಬುಡಾ ಅಗೀತೈತಿ. ನೀವು ಮ್ಯಾಲಷ್ಟ ನೋಡೀರಿ” ಅಂದ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಮೋಸಹೋದದ್ದು ಬೇಸಿಗೆಯ ಅಳತೆಯಿಂದ. ಪ್ರವಾಹ ಏರಿದಾಗ ತಿರುವಿನ ಹೊರಮಗ್ಗುಲಲ್ಲಿ ತಳ ಕೊರೆಯುತ್ತದೆ; ನೀರು ಇಳಿಯುವಾಗ ಅದೇ ಗುಂಡಿಯನ್ನು ಹೂಳು ಮುಚ್ಚುತ್ತದೆ. ಬೇಸಿಗೆಯಲ್ಲಿ ಕಾಣುವುದು ಆ ಮುಚ್ಚಿದ ತಳ. ಈ ಸಲ ಕಬ್ಬಿಣದ ಸರಳು ಒತ್ತಿ ನೋಡಿದೆ. ಎರಡೂವರೆ ಮೀಟರ್‌ವರೆಗೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು, ಆಮೇಲೆ ಗಟ್ಟಿ ನೆಲ ತಾಗಿತು. ಇಷ್ಟು ಆಳದ ಕೊರೆತಕ್ಕೆ ನಾನು ಕೊಟ್ಟಿದ್ದ ಪಾದ ಒಂದೇ ಮೀಟರ್!

ಅಷ್ಟು ಆಳ ಅಗೆಯುವುದು ಆಗದ ಮಾತು, ಒರತೆ ನೀರು ಬಿಡುವುದಿಲ್ಲ. ಅದಕ್ಕೆ ಏಪ್ರನ್ ಹಾಕುತ್ತಾರೆ: ಬುಡದಿಂದ ಹೊಳೆಯ ಕಡೆಗೆ ತಳದ ಮೇಲೆ ಸಡಿಲ ಕಲ್ಲಿನ ಹಾಸು. ಅಂಚಿನ ಕೆಳಗೆ ತಳ ಕೊರೆದಂತೆ ಕಲ್ಲುಗಳು ತಾವೇ ಉರುಳಿ, ಗುಂಡಿಯ ಇಳಿಜಾರಿಗೆ ಹೊದಿಕೆಯಾಗುತ್ತವೆ. ಕೊರೆತ ಮೂರು ಮೀಟರ್ ಎಂದು ಹಿಡಿದೆ. ಅಗಲ ಅದರ ಒಂದೂವರೆ ಪಟ್ಟು, ಅಂದರೆ 4.5 ಮೀಟರ್, ದಪ್ಪ ಪಿಚ್ಚಿಂಗಿನ 1.9 ಪಟ್ಟು, ಸುಮಾರು 85 ಸೆಂ.ಮೀ. ಒಟ್ಟು ಸುಮಾರು 690 ಘನ ಮೀಟರ್ ಕಲ್ಲು, ನೂರರ ಮೇಲೆ ಟಿಪ್ಪರ್. ಪ್ರವಾಹದ ವೇಗ ಸೆಕೆಂಡಿಗೆ ಮೂರು ಮೀಟರ್ ಎಂದು ಲೆಕ್ಕ ಹಾಕಿದರೆ ಏಪ್ರನ್ ಕಲ್ಲು 38 ಸೆಂ.ಮೀ. ಆಸುಪಾಸು, ಒಂದೊಂದು ಸುಮಾರು 75 ಕೆ.ಜಿ. ಬೇಕು. ಇಳಿಜಾರಿಗೆ 40 ಕೆ.ಜಿ.ಗಿಂತ ಹಗುರದ್ದು ಬೇಡ ಅಂದೆ. ಕ್ವಾರಿಯಿಂದ ಸಣ್ಣ ಕಲ್ಲು ಬೆರೆಸಿ ಕಳಿಸಿದ ಮೂರು ಲೋಡು ವಾಪಸ್ ಹೋದವು.

ಊರವರು “ಸಿಮೆಂಟ್ ಹಾಕ್ರಿ, ಗಟ್ಟಿ ಇರ್ತೈತಿ” ಎಂದು ಹಟ ಹಿಡಿದರು. ಗಾರೆ ಹಾಕಿದ ಕಲ್ಲು ಉರುಳುವುದಿಲ್ಲ. ಕೆಳಗೆ ಟೊಳ್ಳಾದರೂ ಚಪ್ಪಡಿಯಂತೆ ನಿಂತಿದ್ದು, ಒಂದು ದಿನ ಇಡಿಯಾಗಿ ಮುರಿಯುತ್ತದೆ. ಏಪ್ರನ್ನಿಗೆ ಸಡಿಲವೇ ಶಕ್ತಿ ಎಂದು ಒಪ್ಪಿಸಲು ಎರಡು ಸಂಜೆ ಚಹಾ ಬೇಕಾಯಿತು.

ಬಟ್ಟೆಯದೂ ಒಂದು ಕತೆ. ಜಾರದೆ ಉಳಿದ ಭಾಗದಲ್ಲಿ ಎರಡು ಮೀಟರ್ ಚೌಕ ಕಲ್ಲು ಎತ್ತಿಸಿ ನೋಡಿದೆ. ಬಟ್ಟೆಯಲ್ಲಿ ಅಂಗೈಯಷ್ಟು ತೂತುಗಳು, ಪ್ರತಿ ತೂತಿನ ಕೆಳಗೂ ಮಣ್ಣು ತೊಳೆದುಹೋದ ಕುಳಿ. ಟಿಪ್ಪರ್‌ನವರು ದಡದ ಮೇಲಿಂದಲೇ ಕಲ್ಲು ಸುರಿದಿದ್ದರು, ನಾನು ತಡೆದಿರಲಿಲ್ಲ. ಪ್ರವಾಹ ಬೇಗ ಇಳಿದಾಗ ದಡದೊಳಗಿನ ನೀರು ಹೊರಗೆ ಬರಲು ಹವಣಿಸುತ್ತದೆ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವುದೇ ಬಟ್ಟೆಯ ಕೆಲಸ. ತೂತಾದರೆ ನೀರಿನ ಜೊತೆ ಮಣ್ಣೂ ಹೊರಡುತ್ತದೆ.

2022ರ ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ಮೊದಲು 30 ಸೆಂ.ಮೀ. ಗರಸು ಹಾಕಿ ರೋಲರ್ ಹೊಡೆಸಿದೆವು. ನೇಯದ, ಕಂಬಳಿಯಂಥ ದಪ್ಪ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಹಾಸಿದೆವು. ಸೇರಿಕೆಯಲ್ಲಿ ಅರ್ಧ ಮೀಟರ್ ಒಂದರ ಮೇಲೊಂದು, ಮೇಲ್ಹರಿವಿನ ಕಡೆಯ ಪಟ್ಟಿ ಯಾವಾಗಲೂ ಮೇಲೆ. ಹೆಂಚು ಹೊದಿಸಿದ ಹಾಗೆ. ತಿರುಗುಮುರುಗಾದರೆ ಹರಿವು ಅಂಚನ್ನು ಎತ್ತಿಬಿಡುತ್ತದೆ. ಅದರ ಮೇಲೆ 15 ಸೆಂ.ಮೀ. ಜಲ್ಲಿ, ಆಮೇಲೆ ಹಿಟಾಚಿಯ ಬಕೆಟ್ಟನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಕಲ್ಲು. ಬುಡದಲ್ಲಿ ಬಟ್ಟೆಯ ತುದಿಯನ್ನು ಕಲ್ಲು ಸುತ್ತಿ ಹಿಂದಕ್ಕೆ ಮಡಚಿದೆವು. ಏಪ್ರನ್ ಕೆಳಗೆ ಹಾಸಲಿಲ್ಲ, ಕಲ್ಲು ಉರುಳುವಾಗ ಬಟ್ಟೆ ಅಡ್ಡಿಯಾಗುತ್ತದೆ.

2024ರ ಜುಲೈ ನೀರಿಗೆ ಇಳಿಜಾರು ಅಲುಗಲಿಲ್ಲ. ಮರುಬೇಸಿಗೆಯಲ್ಲಿ ಏಪ್ರನ್ನಿನ ಹೊರ ಅಂಚು ಒಂದು ಮೀಟರಿನಷ್ಟು ಕೆಳಗೆ ಕೂತಿತ್ತು. ಆದರೆ ಎರಡು ಕಡೆ ಜಿಗುಟು ಮಣ್ಣಿನ ತಳ ಹೆಂಟೆಹೆಂಟೆಯಾಗಿ ಕುಸಿದು, ಕಲ್ಲು ಸಮನಾಗಿ ಹರಡದೆ ಗುಪ್ಪೆಯಾಗಿ ನಡುವೆ ಖಾಲಿ ಬಿಟ್ಟಿತ್ತು. ಏಪ್ರನ್ ಚೆನ್ನಾಗಿ ಒಗ್ಗುವುದು ಮರಳು ತಳಕ್ಕೆ. ಎರೆಮಣ್ಣಲ್ಲಿ ಈ ತಾಪತ್ರಯ ಇದ್ದದ್ದೇ. ಇದಕ್ಕೆಂದೇ ದಡದ ಮೇಲೆ 40 ಘನ ಮೀಟರ್ ಕಲ್ಲು ರಾಶಿ ಇಡಿಸಿದ್ದೆ. ಅರ್ಧ ಅಲ್ಲಿಗೆ ಹೋಯಿತು, ಒಂದು ಟ್ರಾಕ್ಟರ್ ಲೋಡು ಯಾರದೋ ಮನೆಯ ತಳಪಾಯಕ್ಕೆ ಹೋಗಿತ್ತು.